ಅಮ್ಮನ ಓಲೆ ಕರಗಿಸಿ ಪದಕ ಮಾಡಿಸುವಾಗ: ಆಚಾರ್ರ ಮುಂದೆ ಕುಳಿತು ಕೇಳಬೇಕಾದ ಮಾತುಗಳು

ಹಳೆಯ ಓಲೆಯನ್ನು ಅಂಗಡಿಗೆ ಕೊಟ್ಟು ಅದರ ಬೆಲೆಗೆ ಹೊಸ ಪದಕ ತರುವುದು ಒಂದು ದಾರಿ. ಅದೇ ಓಲೆಯ ಚಿನ್ನವನ್ನು ಕಣ್ಣೆದುರೇ ಕರಗಿಸಿ, ಅದರಿಂದಲೇ ಪದಕ ಮಾಡಿಸಿಕೊಳ್ಳುವುದು ಇನ್ನೊಂದು ದಾರಿ. ಮೊದಲನೆಯದು ವ್ಯಾಪಾರ. ಎರಡನೆಯದರಲ್ಲಿ ವ್ಯಾಪಾರಕ್ಕಿಂತ ಹೆಚ್ಚಿನದೊಂದು ಇದೆ, ಹಾಗಾಗಿಯೇ ಅದರಲ್ಲಿ ಕೇಳಿ ತಿಳಿಯಬೇಕಾದದ್ದೂ ಹೆಚ್ಚು. ಶಿವಮೊಗ್ಗದಲ್ಲಿ ನಮ್ಮ ಅಕ್ಕ ತೀರಿಹೋದ ಅಮ್ಮನ ಓಲೆ-ಜುಮುಕಿಯನ್ನು ಪದಕವಾಗಿ ಮಾಡಿಸಿದಾಗ ಮೂರು ಭೇಟಿಗಳಲ್ಲಿಯೂ ನಾನು ಜೊತೆಗಿದ್ದೆ. ಅವಳಿಗೂ ಆಚಾರ್ರಿಗೂ ನಡೆದ ಮಾತುಕತೆಯನ್ನೇ ಹಿಡಿದು, ಯಾವ ಹಂತದಲ್ಲಿ ಏನು ಕೇಳಬೇಕು, ಏನನ್ನು ನೋಡಬೇಕು, ಯಾವುದನ್ನು ಬರೆಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ.

ಮುರಿಯುವ ಮುನ್ನ

ಅಕ್ಕ ಡಬ್ಬಿ ಬಿಚ್ಚಿ ಜುಮುಕಿಗಳನ್ನು ಮುಂದಿಟ್ಟಾಗ ಆಚಾರ್ರು ತಕ್ಕಡಿ ಮುಟ್ಟಲಿಲ್ಲ. ಭೂತಗನ್ನಡಿ ಹಿಡಿದು ಎರಡನ್ನೂ ತಿರುಗಿಸಿ ನೋಡಿ, "ಇದನ್ನು ಯಾಕೆ ಮುರಿಸುತ್ತೀರಮ್ಮ?" ಎಂದು ಕೇಳಿದರು. ಈ ಪ್ರಶ್ನೆ ಕೇಳುವವರ ಬಳಿಯೇ ಕೆಲಸ ಕೊಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕರಗಿಸಿದ ಮೇಲೆ ಹಿಂದಕ್ಕೆ ಬರುವ ದಾರಿಯೇ ಇಲ್ಲ.

"ಕಿವಿಯ ತೂತು ಜಗ್ಗಿಹೋಗಿದೆ ಆಚಾರ್ರೇ, ಇಷ್ಟು ಭಾರ ತಡೆಯುವುದಿಲ್ಲ. ಎಡಗಡೆಯದು ಬೀರುವಿನ ಬಾಗಿಲಿಗೆ ಸಿಕ್ಕಿ ನಜ್ಜುಗುಜ್ಜಾಗಿದೆ. ಕೊರಳಲ್ಲಿಯಾದರೂ ಅಮ್ಮನದು ಅಂತ ಒಂದು ಇರಲಿ."

"ಬಲಗಡೆಯದು ಚೆನ್ನಾಗಿಯೇ ಇದೆ. ಅದೊಂದನ್ನೇ ಕೊಂಡಿ ಹಾಕಿ ಸರಕ್ಕೆ ಇಳಿಬಿಟ್ಟರೂ ಪದಕದ ಹಾಗೆ ಕಾಣುತ್ತದೆ. ಕರಗಿಸುವುದೇ ಬೇಡ."

ಅಕ್ಕನಿಗೆ ಬೇಕಿದ್ದದ್ದು ದಿನವೂ ಹಾಕಿಕೊಳ್ಳುವಂಥ ಚಪ್ಪಟೆ ಪದಕ. ಜುಮುಕಿಯ ಬುಟ್ಟಿ ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕರಗಿಸುವುದೆಂದೇ ತೀರ್ಮಾನವಾಯಿತು. ನಿಮ್ಮ ಓಲೆಯಲ್ಲಿ ಈಗ ಯಾರೂ ಮಾಡದ ಕೈಕೆಲಸವಿದ್ದು, ಅದು ಗಟ್ಟಿಮುಟ್ಟಾಗಿಯೂ ಇದ್ದರೆ ಆಚಾರ್ರ ಈ ಮೊದಲ ಸಲಹೆಯನ್ನು ಒಂದೆರಡು ದಿನ ಯೋಚಿಸಿ ನೋಡಿ. ಕರಗಿಸುವುದೇ ನಿಜವಾದರೆ ಓಲೆಯ ಮುಂಭಾಗ, ಹಿಂಭಾಗ ಮತ್ತು ತಿರುಪಿನ ಚಿತ್ರಗಳನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ತಕ್ಕಡಿಯ ಮೇಲಿದ್ದಾಗಲೇ, ತೂಕದ ಅಂಕಿಯೂ ಕಾಣುವಂತೆ ತೆಗೆಯಿರಿ.

ಮೂರು ತೂಕ, ಒಂದು ಚೀಟಿ

ಜೋಡಿಯ ಒಟ್ಟು ತೂಕ 12 ಗ್ರಾಂ 480 ಮಿಲಿ ಬಂತು. ಅಕ್ಕನ ಮನಸ್ಸಿನಲ್ಲಿ ಆಗಲೇ ಹನ್ನೆರಡು ಗ್ರಾಮಿನ ಪದಕ ಮೂಡಿತ್ತು. ಆಚಾರ್ರು ಕೈಯೆತ್ತಿ ತಡೆದರು.

"ಇದು ಚಿನ್ನದ ತೂಕವಲ್ಲಮ್ಮ. ಕೆಂಪು, ಮುತ್ತು, ಒಳಗಿರುವ ಅರಗು ಎಲ್ಲ ಸೇರಿದ ತೂಕ. ಹಳೆಯ ಓಲೆಗಳಲ್ಲಿ ಹರಳು ಅಲ್ಲಾಡದಿರಲಿ, ತಗಡು ನಗ್ಗದಿರಲಿ ಅಂತ ಒಳಗೆ ಅರಗು ತುಂಬುತ್ತಿದ್ದರು. ಮೊದಲು ಅದೆಲ್ಲ ಹೊರಗೆ ಬರಬೇಕು."

ಬಿಡಿಸುವುದಕ್ಕೆ ಒಂದು ಕ್ರಮವಿದೆ. ಬಿಸಿ ತಾಗಿದರೆ ಮುತ್ತು ಹಾಳಾಗುವುದರಿಂದ ಅವರು ಮೊದಲು ಮುತ್ತಿನ ತಂತಿಗಳನ್ನು ಕತ್ತರಿಸಿ ಮುತ್ತುಗಳನ್ನು ಬೇರೆ ಬಟ್ಟಲಿಗೆ ಹಾಕಿದರು. ಆಮೇಲೆ ಓಲೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಅರಗು ಮೆತ್ತಗಾದಾಗ ಹಿಂದಿನಿಂದ ಸೂಜಿಯಿಂದ ಒತ್ತಿ ಕೆಂಪು ಹರಳುಗಳನ್ನು ಒಂದೊಂದಾಗಿ ಎಬ್ಬಿಸಿದರು. ಬಿಸಿಯಾದ ಹರಳನ್ನು ನೀರಿಗೆ ಹಾಕಬಾರದು, ಸೀಳುತ್ತದೆ. ಬಟ್ಟೆಯ ಮೇಲೆ ತಾನಾಗಿಯೇ ಆರಲು ಬಿಟ್ಟರು. ಮೂಲೆಗಳಲ್ಲಿ ಅಂಟಿದ್ದ ಅರಗು ಸ್ಪಿರಿಟ್‌ನಲ್ಲಿ ನೆನೆದು ಕರಗಿತು. ಹರಳುಗಳನ್ನು ಬೆಳಕಿಗೆ ಹಿಡಿದು ನೋಡಿ, ಇವು ಗಾಜಿನ ಕೆಂಪು, ಗಣಿಯ ಮಾಣಿಕ್ಯವಲ್ಲ ಎಂದೂ ಮುಚ್ಚಿಡದೆ ಹೇಳಿದರು. ಬೆಲೆ ಇಲ್ಲದಿದ್ದರೂ ಅವು ಅಮ್ಮನವು, ಪದಕಕ್ಕೆ ಅವೇ ಇರಲಿ ಎಂದು ಅಕ್ಕ ಎಣಿಸಿ ಬರೆಸಿಕೊಂಡಳು.

ಹರಳುಗಳು 900 ಮಿಲಿ, ಮುತ್ತುಗಳು 660 ಮಿಲಿ ತೂಗಿದವು. ಸ್ವಚ್ಛವಾದ ಲೋಹ ಮಾತ್ರ ತಕ್ಕಡಿಯಲ್ಲಿ 10 ಗ್ರಾಂ 220 ಮಿಲಿ ತೋರಿಸಿತು. ಉಳಿದ 700 ಮಿಲಿ ಅರಗು ಮತ್ತು ವರ್ಷಗಳ ಕೊಳೆ. ಅಂದರೆ ಎರಡು ಗ್ರಾಮಿಗೂ ಹೆಚ್ಚು ತೂಕ ಚಿನ್ನವೇ ಆಗಿರಲಿಲ್ಲ. ಈ ಹಂತವನ್ನು ಕಣ್ಣೆದುರಿಗೆ ಮಾಡಿಸದಿದ್ದರೆ ಆ ಎರಡು ಗ್ರಾಂ ಎಲ್ಲಿ ಹೋಯಿತೆಂಬ ಅನುಮಾನ ಜೀವಮಾನವಿಡೀ ಉಳಿಯುತ್ತದೆ, ಪ್ರಾಮಾಣಿಕರಾದ ಆಚಾರ್ರ ಮೇಲೂ.

ಇನ್ನೂ ಎರಡು ತುಂಡುಗಳನ್ನು ಅವರು ಪಕ್ಕಕ್ಕೆ ಇಟ್ಟರು. ಒಂದು ತಿರುಪು ಒರೆಗಲ್ಲಿನ ಮೇಲೆ ಬೇರೆಯೇ ಗೆರೆ ಬಿಟ್ಟಿತು; ಯಾವಾಗಲೋ ಕಳೆದುಹೋದದ್ದರ ಬದಲಿಗೆ ಹಾಕಿಸಿದ್ದ ಹಿತ್ತಾಳೆಯ ತಿರುಪು, ಮೇಲೆ ಚಿನ್ನದ ನೀರು. ಎರಡನೆಯದರಿಂದ ನಾನು ಹೆಚ್ಚು ಕಲಿತೆ. ಎಡ ಓಲೆಯ ಕಡ್ಡಿಯ ಬುಡದಲ್ಲಿ ಸಾಸಿವೆ ಗಾತ್ರದ ಬೂದುಬಿಳಿ ಮಚ್ಚೆಯೊಂದಿತ್ತು. ಆಚಾರ್ರು ಅದನ್ನು ಉಗುರಿನಿಂದ ಕೆರೆದು ತೋರಿಸಿದರು; ಉಗುರಿಗೂ ಗೀರು ಬೀಳುವಷ್ಟು ಮೆತ್ತಗಿತ್ತು.

"ಇದು ಸೀಸ-ತವರದ ಬೆಸುಗೆ. ಜಾತ್ರೆಯಲ್ಲೋ ಸಂತೆಯಲ್ಲೋ ಅವಸರಕ್ಕೆ ಯಾರೋ ರಿಪೇರಿ ಮಾಡಿಕೊಟ್ಟಿದ್ದಾರೆ. ಇದನ್ನು ಮೂಸೆಗೆ ಹಾಕಿದರೆ ಇಡೀ ಚಿನ್ನ ಕೆಡುತ್ತದೆ."

"ಅಷ್ಟು ಚೂರಿಗೆ ಹತ್ತು ಗ್ರಾಂ ಚಿನ್ನ ಕೆಡುತ್ತದೆಯೇ?"

"ಕೆಡುತ್ತದಮ್ಮ. ಸೀಸ ಚಿನ್ನದ ಜೊತೆ ಒಂದಾಗುವುದಿಲ್ಲ, ಚಿನ್ನದ ಕಣಕಣದ ನಡುವೆ ಸಂದಿಯಲ್ಲಿ ಕೂರುತ್ತದೆ. ಬಡಿದರೆ ಚಿನ್ನ ಬಿಸ್ಕತ್ತಿನ ಹಾಗೆ ಬಿರಿಯುತ್ತದೆ. ತಗಡೇ ಆಗುವುದಿಲ್ಲ."

ಆ ಮಚ್ಚೆ ಇದ್ದ ಜಾಗವನ್ನು ಸುತ್ತಲಿನ ಸ್ವಲ್ಪ ಚಿನ್ನದ ಸಮೇತ ಗರಗಸದಿಂದ ಕತ್ತರಿಸಿ ತೆಗೆದರು. ತಿರುಪು 160 ಮಿಲಿ, ಈ ಚೂರು 80 ಮಿಲಿ. ಎರಡನ್ನೂ ಕಾಗದದಲ್ಲಿ ಕಟ್ಟಿ ಅಕ್ಕನ ಕೈಗೇ ಕೊಟ್ಟರು. ಮೂಸೆಗೆ ಹೋಗಲು ಉಳಿದದ್ದು 9 ಗ್ರಾಂ 980 ಮಿಲಿ. ಓಲೆಗೆ ಎಲ್ಲೆಲ್ಲಿ ರಿಪೇರಿಯಾಗಿದೆ ಎಂಬುದು ಮನೆಯವರಿಗೆ ಮಾತ್ರ ನೆನಪಿರುತ್ತದೆ. ಅದನ್ನು ತಪ್ಪದೆ ಹೇಳಿ.

ಒಟ್ಟು ತೂಕ, ಹರಳು-ಮುತ್ತು ಬಿಡಿಸಿದ ಮೇಲಿನ ತೂಕ, ಮೂಸೆಗೆ ಹೋಗುವ ತೂಕ, ಈ ಮೂರನ್ನೂ ದಿನಾಂಕದ ಸಮೇತ ಒಂದೇ ಚೀಟಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಬೇಕು. ಹಿಂದೊಮ್ಮೆ ಬೇರೊಂದು ಕಡೆ ನಮ್ಮ ಮನೆಯ ಬಳೆ ಕರಗಿಸಲು ಕೊಟ್ಟಾಗ ಒಂದೇ ಒಂದು ತೂಕ ಬರೆದ ಚೀಟಿ ಸಿಕ್ಕಿತ್ತು. ಮರುದಿನ ಕೈಗೆ ಬಂದ ಗಟ್ಟಿ ಯಾಕೆ ಅಷ್ಟು ಕಡಿಮೆ ಎಂದು ಕೇಳಲು ನಮ್ಮ ಬಳಿ ಯಾವ ಅಂಕಿಯೂ ಇರಲಿಲ್ಲ.

ಮೂಸೆಯ ಮುಂದೆ

ಕರಗಿಸುವ ಕೆಲಸ ಕೆಲವೇ ನಿಮಿಷಗಳದ್ದು. ನಾಳೆ ಬನ್ನಿ ಎಂದರೆ ನಾಳೆಯೇ ನಮ್ಮೆದುರು ಕರಗಿಸಿ ಎಂದು ಹೇಳಿ ಆಭರಣವನ್ನು ವಾಪಸು ತೆಗೆದುಕೊಂಡು ಬರುವುದರಲ್ಲಿ ಸಂಕೋಚ ಬೇಡ. ಮೂಸೆ ಹೊಸದಾಗಿರಬೇಕು, ಇಲ್ಲವೇ ಒಳಗೆ ಹಿಂದಿನ ಕೆಲಸದ ಹನಿಗಳು ಅಂಟಿಲ್ಲವೆಂದು ನೋಡಿಕೊಳ್ಳಬೇಕು. ಹಳೆಯ ಮೂಸೆಯಲ್ಲಿ ಇನ್ನೊಬ್ಬರ ಚಿನ್ನ ನಮ್ಮದಕ್ಕೆ ಸೇರಬಹುದು, ನಮ್ಮದು ಅಲ್ಲಿಯೇ ಉಳಿಯಲೂಬಹುದು.

ಆಚಾರ್ರು ಚೂರುಗಳ ಮೇಲೆ ಬಿಳಿಗಾರದ ಪುಡಿ ಉದುರಿಸಿ ಗ್ಯಾಸಿನ ಉರಿ ಹಿಡಿದರು. ಶುದ್ಧ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರ ಬೆಳ್ಳಿ ಸೇರಿದ ಆಭರಣದ ಚಿನ್ನ ಅದಕ್ಕಿಂತ ಸ್ವಲ್ಪ ಮೊದಲೇ. ಬಿಳಿಗಾರ ಗಾಜಿನಂತೆ ಕರಗಿ ಚಿನ್ನವನ್ನು ಗಾಳಿಯಿಂದ ಮುಚ್ಚುತ್ತದೆ ಮತ್ತು ತಾಮ್ರ ಉರಿದು ಉಂಟಾದ ಕರಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ.

"ಸ್ವಲ್ಪ ಹಿಂದೆ ಸರಿಯಿರಿ," ಎಂದರು. "ಇದು ಕೆಡಿಎಂ ಕಾಲದ ಒಡವೆಯಾದರೆ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತದೆ. ಚಿನ್ನ ಕರಗುವ ಮೊದಲೇ ಅದು ಹೊಗೆಯಾಗಿ ಹೋಗುತ್ತದೆ. ಆ ಹೊಗೆ ಎದೆಗೆ ಒಳ್ಳೆಯದಲ್ಲ."

ಕ್ಯಾಡ್ಮಿಯಂ 767 ಡಿಗ್ರಿಯಲ್ಲಿಯೇ ಆವಿಯಾಗುತ್ತದೆ. ಕಂದುಹಳದಿ ಹೊಗೆ ಎದ್ದರೆ ಅದರ ಗುರುತು. ಅಂಥ ಹೊಗೆ ಕಂಡರೆ ಕಿಟಕಿಯ ಕಡೆಗೆ ಹೋಗಿ ನಿಲ್ಲಿ, ತೂಕದಲ್ಲಿ ಆಗುವ ಇಳಿತದ ಒಂದು ಭಾಗ ಅದೇ ಎಂಬುದನ್ನೂ ನೆನಪಿಡಿ. ನಮ್ಮ ಜುಮುಕಿಯಿಂದ ಅಂಥ ಹೊಗೆ ಏಳಲಿಲ್ಲ. ಮೂಸೆಯಲ್ಲಿ ಚೂರುಗಳು ಮೊದಲು ಅಂಚಿನಲ್ಲಿ ಬೆವರಿದಂತಾಗಿ, ಒಂದಕ್ಕೊಂದು ಅಂಟಿ, ಕೊನೆಗೆ ಒಂದೇ ಗುಂಡು ಹನಿಯಾಗಿ ನಡುಗತೊಡಗಿದವು. ಮೇಲ್ಮೈಯ ಕರಿ ಅಂಚಿಗೆ ಸರಿದು ಹನಿ ಕನ್ನಡಿಯಂತೆ ಹೊಳೆದ ಕ್ಷಣ ಅವರು ಅದನ್ನು ಎಣ್ಣೆ ಸವರಿದ ಅಚ್ಚಿಗೆ ಸುರಿದರು. ಅಮ್ಮನ ಕಿವಿಯ ಜುಮುಕಿ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕಡ್ಡಿಯಾಗಿತ್ತು. ಅಕ್ಕ ಆಗ ಮಾತಾಡಲಿಲ್ಲ.

ಗಟ್ಟಿಯನ್ನು ತೊಳೆದು ತೂಗಿದಾಗ 9 ಗ್ರಾಂ 900 ಮಿಲಿ. ಇಳಿದದ್ದು 80 ಮಿಲಿ, ನೂರಕ್ಕೆ ಒಂದಕ್ಕಿಂತ ಕಡಿಮೆ. ಕೊಳೆ, ಅರಗಿನ ಶೇಷ, ಉರಿದ ತಾಮ್ರ ಇವೆಲ್ಲ ಸೇರಿ ಇಷ್ಟು ಇಳಿಯುವುದು ಸಹಜ. ಸ್ವಚ್ಛ ಮಾಡಿದ ಮೇಲೆಯೂ ನೂರಕ್ಕೆ ಮೂರು ನಾಲ್ಕು ಇಳಿದಿದೆ ಎಂದರೆ ಕಾರಣ ಕೇಳಲೇಬೇಕು, ಮೂಸೆಯ ತಳವನ್ನೂ ಬಿಳಿಗಾರದ ಗಾಜನ್ನೂ ಒಡೆದು ತೋರಿಸಲು ಹೇಳಬೇಕು. ಚಿಕ್ಕ ಚಿಕ್ಕ ಹನಿಗಳು ಅಲ್ಲಿ ಸಿಕ್ಕಿಕೊಂಡಿರುವುದುಂಟು.

ಕೊನೆಗೆ ಆಚಾರ್ರು ಗಟ್ಟಿಯ ಒಂದು ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಅಂಚು ನುಣ್ಣಗೆ ಹರಡಿತು, ಬಿರುಕು ಬಿಡಲಿಲ್ಲ. ಸೀಸ ಸೇರಿದ್ದರೆ ಇಲ್ಲಿಯೇ ಗೊತ್ತಾಗುತ್ತಿತ್ತು. ಆಗ ಆ ಚಿನ್ನವನ್ನು ಆಮ್ಲದಲ್ಲಿ ಶುದ್ಧ ಮಾಡಿಸದೆ ಬೇರೆ ದಾರಿಯಿಲ್ಲ.

ನೂರಕ್ಕೆ ಎಂಬತ್ತೆಂಟು ಎಂದು ಬಂದಾಗ

ಗಟ್ಟಿಯನ್ನು ಹಿಡಿದು ನಾವು ಆಚಾರ್ರ ಜೊತೆ ಹತ್ತಿರದ ಟೆಸ್ಟಿಂಗ್ ಅಂಗಡಿಗೆ ಹೋದೆವು. ಅಲ್ಲಿ ಎಕ್ಸ್-ರೇ ಯಂತ್ರ ಅರ್ಧ ನಿಮಿಷದಲ್ಲಿ ಶುದ್ಧತೆಯನ್ನು ಹೇಳುತ್ತದೆ. ಈ ಯಂತ್ರ ಲೋಹದ ಮೇಲ್ಪದರವನ್ನು ಮಾತ್ರ ಓದಬಲ್ಲದು. ಆದ್ದರಿಂದಲೇ ಓಲೆಯನ್ನು ಹಾಗೆಯೇ ಇಟ್ಟು ಓದಿಸುವುದಕ್ಕಿಂತ ಕರಗಿಸಿದ ಗಟ್ಟಿಯನ್ನು ಓದಿಸುವುದು ನಂಬಿಕೆಗೆ ಹೆಚ್ಚು ಯೋಗ್ಯ. ಅದನ್ನೂ ಅರದಿಂದ ಸ್ವಲ್ಪ ಉಜ್ಜಿ, ಎರಡು ಬದಿಗಳಲ್ಲಿ ಓದಿಸಬೇಕು. ನಮ್ಮದು ಎರಡೂ ಬದಿಯಲ್ಲಿ 88.0 ಎಂದು ತೋರಿಸಿತು.

"ಅಮ್ಮ 22 ಕ್ಯಾರೆಟ್ ಅಂತ ಹೇಳುತ್ತಿದ್ದಳು. ಹಾಗಾದರೆ 91.6 ಇರಬೇಕಿತ್ತಲ್ಲ?" ಅಕ್ಕನ ಮುಖ ಬಾಡಿತು.

"ನಿಮ್ಮಮ್ಮನಿಗೆ ಯಾರೂ ಮೋಸ ಮಾಡಿಲ್ಲ. ತಗಡು 22 ಕ್ಯಾರೆಟ್ಟೇ ಇದ್ದಿರಬಹುದು. ಜುಮುಕಿಯ ಮೇಲೆ ಎಷ್ಟು ಕಾಳುಗಳಿದ್ದವು ನೋಡಿದಿರಲ್ಲ? ಒಂದೊಂದು ಕಾಳಿಗೂ ಬೆಸುಗೆ ಬೇಕು. ಬೆಸುಗೆ ಚಿನ್ನಕ್ಕಿಂತ ಮೊದಲು ಕರಗಬೇಕಾದರೆ ಅದರಲ್ಲಿ ಚಿನ್ನ ಕಡಿಮೆ ಇರಲೇಬೇಕು. ಎಲ್ಲ ಒಟ್ಟಿಗೆ ಕರಗಿಸಿದರೆ ಸರಾಸರಿ ಇಳಿಯುತ್ತದೆ."

ಕಾಳು, ತಂತಿ, ಸಣ್ಣ ಸಣ್ಣ ಜೋಡಣೆಗಳಿರುವ ಒಡವೆ ಕರಗಿದಾಗ ಹೀಗೆ ಇಳಿಯುವುದು ಹೆಚ್ಚು. ಸಾದಾ ಬಳೆಯಲ್ಲಿ ಕಡಿಮೆ. ಇನ್ನು ಮುಂದಿನ ಮಾತುಕತೆಯೇ ಇಡೀ ವ್ಯವಹಾರದ ತಿರುಳು, ಏಕೆಂದರೆ ಅಂಗಡಿಗಳಲ್ಲಿ ಇದನ್ನು ಯಾರೂ ಕೂರಿಸಿ ವಿವರಿಸುವುದಿಲ್ಲ.

ಆಚಾರ್ರು ಕಾಗದದ ಮೇಲೆ ಬರೆದು ತೋರಿಸಿದರು. ಗಟ್ಟಿಯ ತೂಕವನ್ನು ಶುದ್ಧತೆಯಿಂದ ಗುಣಿಸಿದರೆ ಒಳಗಿರುವ ಅಪರಂಜಿ ಎಷ್ಟೆಂದು ಸಿಗುತ್ತದೆ: 9.900 × 0.880 = 8.712. ಅಂದರೆ ನಮ್ಮ ನಿಜವಾದ ಆಸ್ತಿ 8 ಗ್ರಾಂ 712 ಮಿಲಿ. ಇನ್ನು ಏನೇ ಮಾಡಿದರೂ ಈ ಅಂಕಿ ಬದಲಾಗಬಾರದು. ಯಾರು ಯಾವ ಲೆಕ್ಕ ಹೇಳಿದರೂ ಇದಕ್ಕೆ ತಾಳೆ ಹಾಕಿ ನೋಡಬೇಕು.

"ಮೂರು ದಾರಿ ಇದೆಯಮ್ಮ. ಮೊದಲನೆಯದು, ಗಟ್ಟಿಯನ್ನು ಶುದ್ಧ ಮಾಡುವವರಿಗೆ ಕೊಟ್ಟು ಅಪರಂಜಿ ತೆಗೆದುಕೊಂಡು, ಅದರಿಂದ 22 ಕ್ಯಾರೆಟ್ ಮಾಡುವುದು. ಒಂಬತ್ತೂವರೆ ಗ್ರಾಂ ಆಗುತ್ತದೆ."

"ಅದರಲ್ಲಿ ಅಮ್ಮನ ಚಿನ್ನವೇ ಬರುತ್ತದೆಯೇ?"

"ಅದನ್ನು ನಾನು ಹೇಳಲಾರೆ. ಅವರು ಹತ್ತು ಜನರ ಚಿನ್ನ ಒಟ್ಟಿಗೆ ಹಾಕಿ ಶುದ್ಧ ಮಾಡುತ್ತಾರೆ. ತೂಕ ಸರಿಯಾಗಿ ಬರುತ್ತದೆ, ಅದೇ ಚಿನ್ನ ಬರುತ್ತದೆ ಅಂತ ಮಾತು ಕೊಡಲಾಗುವುದಿಲ್ಲ."

ಎರಡನೆಯ ದಾರಿ, ನಮ್ಮ ಗಟ್ಟಿಗೇ ಅಪರಂಜಿಯನ್ನು ಸೇರಿಸಿ ಶುದ್ಧತೆಯನ್ನು ಮೇಲೆತ್ತುವುದು. ಸ್ವಲ್ಪ ಸೇರಿಸಿದರೆ ಸಾಕಲ್ಲ ಎಂದುಕೊಂಡಿದ್ದ ನಮಗೆ ಲೆಕ್ಕ ಅಚ್ಚರಿ ತಂದಿತು. ನಮ್ಮ ಪ್ರತಿ ಗ್ರಾಮಿನಲ್ಲಿಯೂ 36 ಮಿಲಿ ಅಪರಂಜಿ ಕಡಿಮೆ ಇದೆ, ಒಟ್ಟು ಸುಮಾರು 356 ಮಿಲಿ. ಸೇರಿಸುವ ಒಂದು ಗ್ರಾಂ ಅಪರಂಜಿ ಈ ಕೊರತೆಯನ್ನು ತುಂಬಲು ಕೊಡಬಲ್ಲದ್ದು 84 ಮಿಲಿ ಮಾತ್ರ, ಏಕೆಂದರೆ ಉಳಿದ 916 ಮಿಲಿ ಅದಕ್ಕೇ ಬೇಕು. ಹಾಗಾಗಿ ಸುಮಾರು 4 ಗ್ರಾಂ 240 ಮಿಲಿ ಅಪರಂಜಿ ಕೊಳ್ಳಬೇಕು, ಆಗ ಒಟ್ಟು 14 ಗ್ರಾಂ ದಾಟುತ್ತದೆ. ದೊಡ್ಡ ಪದಕ ಬೇಕೆನ್ನುವವರಿಗೆ ಇದು ಒಪ್ಪುವ ದಾರಿ. ನಮಗೆ ಬೇಕಿದ್ದದ್ದು ಎಂಟು ಗ್ರಾಮಿನದು.

ಮೂರನೆಯದು ಮೇಲೆತ್ತುವುದರ ಬದಲು ಸ್ವಲ್ಪ ಕೆಳಗಿಳಿಸುವುದು. ಚಿನ್ನ ಎಂದರೆ 22, ಇಲ್ಲದಿದ್ದರೆ 18 ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಲ್‌ಮಾರ್ಕ್ ಇರುವ ದರ್ಜೆಗಳಲ್ಲಿ 20 ಕ್ಯಾರೆಟ್ ಕೂಡ ಒಂದು, ಅದರ ಶುದ್ಧತೆ 83.3. ನಮ್ಮ 88ಕ್ಕಿಂತ ಕೆಳಗಿನ ದರ್ಜೆಗಳಲ್ಲಿ ಅದಕ್ಕೆ ತೀರಾ ಹತ್ತಿರದ್ದು ಇದೇ.

"ಸರಿಯಾಗಿ 83.3ಕ್ಕೆ ಇಳಿಸಬಾರದು," ಎಂದರು ಆಚಾರ್ರು. "ಬೆಸುಗೆ ಸೇರಿದಾಗ ಇನ್ನೂ ಇಳಿದು ಹಾಲ್‌ಮಾರ್ಕ್‌ನಲ್ಲಿ ಫೇಲ್ ಆಗುತ್ತದೆ. 84.5ಕ್ಕೆ ನಿಲ್ಲಿಸೋಣ."

8.712 ÷ 0.845 = 10.310. ಅಂದರೆ ನಮ್ಮ 9 ಗ್ರಾಂ 900 ಮಿಲಿಗೆ ಬೇರೆ ಲೋಹ ಸೇರಿಸಬೇಕಾದದ್ದು 410 ಮಿಲಿ ಮಾತ್ರ. ಅದರಲ್ಲಿ ಎರಡು ಪಾಲು ತಾಮ್ರ, ಒಂದು ಪಾಲು ಬೆಳ್ಳಿ. ಬೆಳ್ಳಿ ಹೆಚ್ಚಾದರೆ ಬಣ್ಣ ಪೇಲವವಾಗುತ್ತದೆ, ತಾಮ್ರ ಹೆಚ್ಚಾದರೆ ಕೆಂಪೇರುತ್ತದೆ. ಅಕ್ಕನ 22 ಕ್ಯಾರೆಟ್ ಸರದ ಪಕ್ಕದಲ್ಲಿ ಬೇರೆಯಾಗಿ ಕಾಣದಿರಲಿ ಎಂದು ಈ ಪಾಲು. ಹೀಗೆ ಮಾಡಿದರೆ ಅಮ್ಮನ ಓಲೆಯ ಚಿನ್ನವೆಲ್ಲ ಉಳಿಯುತ್ತದೆ, ಹೊರಗಿನ ಚಿನ್ನ ಒಂದು ಗುಲಗಂಜಿಯಷ್ಟೂ ಸೇರುವುದಿಲ್ಲ, ಜೊತೆಗೆ ಲೋಹ ತುಸು ಗಟ್ಟಿಯಾಗುವುದರಿಂದ ಹರಳು ಹಿಡಿದು ನಿಲ್ಲಲೂ ಒಳ್ಳೆಯದು.

ಇದರ ಒಂದು ಕೊರತೆಯನ್ನೂ ಅವರು ಹೇಳಿದರು. ಮುಂದೆಂದಾದರೂ ಮಾರಲು ಹೋದರೆ ಅಂಗಡಿಯವರು ಮುದ್ರೆ ನೋಡಿ 83.3ರ ಲೆಕ್ಕದಲ್ಲಿಯೇ ಬೆಲೆ ಕಟ್ಟುತ್ತಾರೆ, 84.5ರ ಲೆಕ್ಕದಲ್ಲಿ ಅಲ್ಲ. ಎಂಟು ಗ್ರಾಮಿನ ಪದಕದಲ್ಲಿ ಸುಮಾರು 100 ಮಿಲಿ ಅಪರಂಜಿಯ ವ್ಯತ್ಯಾಸ ಬರುತ್ತದೆ. ಮಾರುವ ಉದ್ದೇಶದಿಂದಲೇ ಮಾಡಿಸುವವರು 22 ಕ್ಯಾರೆಟ್ಟಿಗೆ ಹೋಗುವುದು ಸರಿ. ಅಕ್ಕ ಮೂರನೆಯ ದಾರಿಯನ್ನೇ ಆರಿಸಿದಳು.

ಅಂಗಡಿಯಲ್ಲಿ ಬದಲಾಯಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಲ್ಲಿ ಹಳೆಯ ಚಿನ್ನದ ಬೆಲೆ ಕಳೆದು ಉಳಿದದ್ದನ್ನು ಕೊಡುತ್ತೇವೆಂದು ನಮಗೆ ಅನ್ನಿಸಿದರೂ, ಶೇಕಡಾ 3ರ ಜಿಎಸ್‌ಟಿ ಬೀಳುವುದು ಹೊಸ ಪದಕದ ಪೂರ್ತಿ ಬೆಲೆಯ ಮೇಲೆ. ಇಲ್ಲಿ ಚಿನ್ನ ನಮ್ಮದೇ ಆದ್ದರಿಂದ ಕೊಡಬೇಕಾದದ್ದು ಮಜೂರಿ, ಮಜೂರಿಯ ಮೇಲಿನ ತೆರಿಗೆ ಮತ್ತು ಹಾಲ್‌ಮಾರ್ಕಿನ ಖರ್ಚು.

ಅಳತೆ, ಮಜೂರಿ, ಸವೆತ

ಎಂಟು ಗ್ರಾಮಿನ ಪದಕ ಎಷ್ಟು ದೊಡ್ಡದಾಗಬಹುದು ಎಂಬುದು ಅಕ್ಕನಿಗೆ ಅಂದಾಜಿರಲಿಲ್ಲ. ಆಚಾರ್ರು ಹತ್ತು ರೂಪಾಯಿ ನಾಣ್ಯವನ್ನು ಅವಳ ಕೈಗಿಟ್ಟರು. "ಇದು 27 ಮಿಲಿಮೀಟರ್ ಅಗಲ. ಇದಕ್ಕಿಂತ ಒಂದು ಕೂದಲು ಚಿಕ್ಕದು, 26 ಇಟ್ಟುಕೊಳ್ಳೋಣ. ತಗಡಿನ ದಪ್ಪ 0.7. ಬರಿಯ ತಗಡಿಗೇ ಆರು ಗ್ರಾಂ ಹೋಗುತ್ತದೆ. ಹರಳಿನ ಗೂಡು, ಸುತ್ತ ತಂತಿ, ಕೊಂಡಿ ಎಲ್ಲ ಸೇರಿ ಇನ್ನೆರಡು ಗ್ರಾಂ."

"ತಗಡು ತೆಳ್ಳಗೆ ಮಾಡಿ ಇನ್ನೂ ದೊಡ್ಡದು ಮಾಡಲಾಗುವುದಿಲ್ಲವೇ?"

"ಮಾಡಬಹುದು. ದಿನವೂ ಹಾಕಿಕೊಳ್ಳುವವರಿಗೆ ನಾನು ಮಾಡಿಕೊಡುವುದಿಲ್ಲ. ಅರ್ಧ ಮಿಲಿಮೀಟರಿನ ತಗಡು ಒಂದು ಸಲ ಒತ್ತಿ ಮಲಗಿದರೆ ಬಾಗುತ್ತದೆ, ಬಾಗಿದರೆ ಹರಳು ಉದುರುತ್ತದೆ."

ಕೊಂಡಿಯ ವಿಷಯದಲ್ಲಿ ಅವರು ಇನ್ನಷ್ಟು ಕಟ್ಟುನಿಟ್ಟು. ಪದಕದಲ್ಲಿ ಮೊದಲು ಸವೆಯುವುದು ಸರ ಉಜ್ಜುವ ಆ ಜಾಗವೇ, ಆದ್ದರಿಂದ ಅಲ್ಲಿ 1.2 ಮಿಲಿಮೀಟರ್ ದಪ್ಪ ಇರಲೇಬೇಕು ಎಂದರು. ಸರವನ್ನು ಜೊತೆಗೆ ತಂದು, ಅದರ ತುದಿಯ ಕೊಕ್ಕೆ ಕೊಂಡಿಯೊಳಗೆ ಹಾದುಹೋಗುವಷ್ಟು ತೂತಿನ ಅಳತೆ ಕೊಡುವುದನ್ನು ಮರೆಯಬೇಡಿ. ಸರದ ದಪ್ಪವನ್ನು ಮಾತ್ರ ನೋಡಿ ಮಾಡಿದ ಕೊಂಡಿಗೆ ಕೊಕ್ಕೆ ನುಗ್ಗದೆ, ಮನೆಗೆ ಬಂದ ಮೇಲೆ ತಿರುಗಿ ಹೋಗಬೇಕಾಗುತ್ತದೆ.

ಮಜೂರಿಯನ್ನು ಗ್ರಾಮಿಗಿಷ್ಟು ಎಂದು ಹೇಳುತ್ತಾರೋ ಪದಕಕ್ಕಿಷ್ಟು ಎಂದೋ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಅದರಷ್ಟೇ ಮುಖ್ಯವಾದದ್ದು ಸವೆತ. ಕೈಕೆಲಸದಲ್ಲಿ ಅರ ಹಾಕುವಾಗ, ಪಾಲಿಷ್ ಮಾಡುವಾಗ ಸ್ವಲ್ಪ ಚಿನ್ನ ಪುಡಿಯಾಗಿ ಹೋಗುತ್ತದೆ, ಅದನ್ನೆಲ್ಲ ಹಿಡಿದು ತರುವುದು ಯಾರಿಗೂ ಸಾಧ್ಯವಿಲ್ಲ. ಅಂಗಡಿಯವರು ಹೊಸ ಒಡವೆಯ ಬಿಲ್ಲಿನಲ್ಲಿ ಹಾಕುವ ವೇಸ್ಟೇಜ್ ಅವರ ದರದ ಒಂದು ಭಾಗ; ಇದು ಅದಲ್ಲ, ನಿಜವಾಗಿ ಹೋಗುವ ಪುಡಿ. ಅಕ್ಕ ನೇರವಾಗಿಯೇ ಕೇಳಿದಳು: "ಎಷ್ಟರವರೆಗೆ ನಾನು ಒಪ್ಪಬೇಕು ಆಚಾರ್ರೇ?"

"ನೂರಕ್ಕೆ ಒಂದೂವರೆ. ಅದಕ್ಕಿಂತ ಹೆಚ್ಚಾದರೆ ನನ್ನ ತಪ್ಪು, ನಾನು ತುಂಬಿಕೊಡುತ್ತೇನೆ. ಕತ್ತರಿಸಿ ಉಳಿದ ಚೂರು, ಅರದ ಪುಡಿ ಎಲ್ಲ ಕರಗಿಸಿ ಗುಂಡು ಮಾಡಿ ನಿಮಗೇ ಕೊಡುತ್ತೇನೆ."

10 ಗ್ರಾಂ 310 ಮಿಲಿಗೆ ನೂರಕ್ಕೆ ಒಂದೂವರೆ ಎಂದರೆ ಸುಮಾರು 155 ಮಿಲಿ. ಆ ಅಂಕಿಯನ್ನೂ ಅದೇ ಚೀಟಿಯ ಮೇಲೆ ಬರೆದರು. ಬೆಸುಗೆಯನ್ನು ಹೊರಗಿನಿಂದ ತರದೆ, ಇದೇ ಚಿನ್ನದ ಚೂರಿಗೆ ಬೆಳ್ಳಿ ಮತ್ತು ಸತು ಸೇರಿಸಿ ಮಾಡಿಕೊಳ್ಳುವುದಾಗಿಯೂ, ಕ್ಯಾಡ್ಮಿಯಂ ಬಳಸುವುದಿಲ್ಲವೆಂದೂ ಹೇಳಿದರು. ಬೆಸುಗೆ ಯಾವುದು ಎಂಬ ಪ್ರಶ್ನೆಯನ್ನು ಗ್ರಾಹಕರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಮುಂದಿನ ಸಲ ಕರಗಿಸುವವರ ಎದೆಗೂ, ಆ ದಿನ ಬರುವ ಶುದ್ಧತೆಗೂ ಅದೇ ಕಾರಣವಾಗುವುದರಿಂದ ಕೇಳಬೇಕು.

ಮುದ್ರೆ ಮತ್ತು ಕೊನೆಯ ತೂಕ

ಹಾಲ್‌ಮಾರ್ಕ್ ಹಾಕಿಸಲು ಗ್ರಾಹಕರು ನೇರವಾಗಿ ಹೋಗಲು ಬರುವುದಿಲ್ಲ. ಬಿಐಎಸ್‌ನಲ್ಲಿ ನೋಂದಾಯಿಸಿಕೊಂಡ ಆಭರಣ ವ್ಯಾಪಾರಿಯ ಮೂಲಕವೇ ಕೇಂದ್ರಕ್ಕೆ ಹೋಗಬೇಕು. ನಮ್ಮ ಆಚಾರ್ರು ನೋಂದಾಯಿಸಿಕೊಂಡವರು. ನಿಮ್ಮವರು ಅಲ್ಲದಿದ್ದರೆ ಯಾರ ಮೂಲಕ ಕಳಿಸುತ್ತಾರೆಂದು ಕೆಲಸ ಒಪ್ಪಿಸುವ ಮೊದಲೇ ಕೇಳಿಕೊಳ್ಳಿ. ಹರಳು ಕೂರಿಸುವ ಮೊದಲು ಪದಕವನ್ನು ಕೇಂದ್ರಕ್ಕೆ ಕಳಿಸಿದರೆ ಪರೀಕ್ಷೆಯೂ ಸುಲಭ, ಚಿನ್ನದ ತೂಕವೂ ಶುದ್ಧವಾಗಿ ಸಿಗುತ್ತದೆ. ಮುದ್ರೆಯನ್ನು ಹಿಂಭಾಗದಲ್ಲಿ ಹಾಕಿಸಬೇಕು, ಕೊಂಡಿಯ ಮೇಲೆ ಬೇಡ. ಅಲ್ಲಿ ಸರ ಉಜ್ಜಿ ಅಕ್ಷರಗಳು ಮಾಸುತ್ತವೆ.

ಹದಿನೈದು ದಿನಗಳ ಮೇಲೆ ನಾವು ಹೋದಾಗ ಆಚಾರ್ರು ಪದಕವನ್ನು ಬಟ್ಟೆಯ ಮೇಲೆ ಬೋರಲಾಗಿ ಇಟ್ಟು ಭೂತಗನ್ನಡಿ ಕೊಟ್ಟರು. ಬಿಐಎಸ್‌ನ ತ್ರಿಕೋನದ ಗುರುತು, ಅದರ ಪಕ್ಕದಲ್ಲಿ `20K833`, ಆಮೇಲೆ ಅಕ್ಷರ ಮತ್ತು ಅಂಕಿಗಳು ಬೆರೆತ ಆರು ಸ್ಥಾನಗಳ ಸಂಖ್ಯೆ. ಫೋನಿನಲ್ಲಿ `BIS Care` ಆ್ಯಪ್ ತೆರೆದು `Verify HUID` ಎಂಬಲ್ಲಿ ಆ ಆರನ್ನು ಹಾಕಿದಾಗ ಪದಕದ ಬಗೆ, ಶುದ್ಧತೆ, ಮುದ್ರೆ ಹಾಕಿದ ಕೇಂದ್ರದ ವಿವರ ಬಂತು. ತೆರೆಯ ಮೇಲೆ ಬಂದ ಒಡವೆಯ ಬಗೆ ನಿಮ್ಮ ಕೈಯಲ್ಲಿರುವುದಕ್ಕೆ ಹೊಂದದೆ, ಉದಾಹರಣೆಗೆ ಉಂಗುರ ಎಂದು ಬಂದರೆ, ಹಣ ಕೊಡುವ ಮೊದಲು ಅಲ್ಲಿಯೇ ಕೇಳಬೇಕು.

ಕೊನೆಯದಾಗಿ ತಕ್ಕಡಿ. ಹರಳುಗಳ ಸಮೇತ ಪದಕ 8 ಗ್ರಾಂ 670 ಮಿಲಿ, ಅದರಲ್ಲಿ ಕೂರಿಸಿದ ಒಂಬತ್ತು ಕೆಂಪು 620 ಮಿಲಿ, ಹಾಗಾಗಿ ಚಿನ್ನ 8 ಗ್ರಾಂ 050 ಮಿಲಿ. ಉಳಿದ ಚೂರು-ಪುಡಿ ಕರಗಿಸಿದ ಗುಂಡು 2 ಗ್ರಾಂ 130 ಮಿಲಿ. ಎರಡೂ ಸೇರಿ 10 ಗ್ರಾಂ 180 ಮಿಲಿ. ಕೆಲಸಕ್ಕೆ ಕೊಟ್ಟಿದ್ದದ್ದು 10 ಗ್ರಾಂ 310 ಮಿಲಿ, ಬೆಸುಗೆಗೆ ಸೇರಿಸಿದ ಬೆಳ್ಳಿ-ಸತು 20 ಮಿಲಿ. ಆದ್ದರಿಂದ ಸವೆತ 150 ಮಿಲಿ. ಒಪ್ಪಿದ್ದ 155ರ ಒಳಗೆ. ಬಿಲ್ಲಿನಲ್ಲಿ ಒಟ್ಟು ತೂಕ ಮತ್ತು ಚಿನ್ನದ ತೂಕ ಬೇರೆ ಬೇರೆ ಸಾಲುಗಳಲ್ಲಿ ಇವೆಯೇ, ಮಜೂರಿ ಮತ್ತು ತೆರಿಗೆ ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂದು ನೋಡಿದೆವು.

"ಈ ಗುಂಡನ್ನು ಏನು ಮಾಡಲಿ?" ಎಂದು ಅಕ್ಕ ಕೇಳಿದಳು.

"ಕಾಗದದಲ್ಲಿ ಸುತ್ತಿ, ಮೇಲೆ ಇವತ್ತಿನ ದಿನಾಂಕ, ತೂಕ, 84.5ರ ಆಸುಪಾಸು ಅಂತ ಬರೆದಿಡಿ. ಬರೆಯದಿದ್ದರೆ ಹತ್ತು ವರ್ಷದ ಮೇಲೆ ಇದು ಯಾವ ಚಿನ್ನ ಅಂತ ನಿಮಗೇ ನೆನಪಿರುವುದಿಲ್ಲ. ಮೊಮ್ಮಗಳ ಕಿವಿ ಚುಚ್ಚಿಸುವಾಗ ತನ್ನಿ, ಒಂದು ಜೊತೆ ಪುಟ್ಟ ಓಲೆ ಆಗುತ್ತದೆ."

ಅಕ್ಕ ಕೊರಳಿನ ಸರ ಬಿಚ್ಚಿ, ಅದರ ಕೊಕ್ಕೆಯನ್ನು ಕೊಂಡಿಯೊಳಗೆ ತೂರಿಸಿದಳು. ಎಲ್ಲಿಯೂ ತಡೆಯದೆ ಅದು ಆಚೆ ಬದಿಗೆ ಬಂತು.